ಮನೆಯ ಸಾಲಗಳ ಲೆಕ್ಕವನ್ನು ಮನೆಯವರ ಮುಂದೆ ಇಡುವುದು ಹೇಗೆ?

ಮೂಡಿಗೆರೆ ಕಡೆಯ, ಎರಡು ಎಕರೆ ಕಾಫಿ ತೋಟದ ಒಂದು ಮನೆ ಎಂದುಕೊಳ್ಳಿ. ಸಾಲ ಮೂರು ಕಡೆ ಇದೆ: ಸಹಕಾರ ಸಂಘದ ಬೆಳೆಸಾಲ 2 ಲಕ್ಷ, ಬ್ಯಾಂಕಿನಲ್ಲಿ ಒಡವೆ ಇಟ್ಟು ತಂದದ್ದು ಒಂದೂವರೆ ಲಕ್ಷ, ಕೈಸಾಲ 1 ಲಕ್ಷ. ಮಾತಿಗೆ ಕೂರುವ ಮೊದಲು ಪಾಸ್‌ಬುಕ್, ಒಡವೆ ರಸೀದಿ, ಪ್ರೋನೋಟು ಮುಂದಿಟ್ಟುಕೊಂಡು ಇವತ್ತಿನ ಬಾಕಿಯನ್ನೇ ಬರೆದುಕೊಳ್ಳಿ. ನೆನಪಿನ ಲೆಕ್ಕ ಬೇಡ.

ನಂತರ ಬಡ್ಡಿಯನ್ನೆಲ್ಲ ಒಂದೇ ಅಳತೆಗೆ ತನ್ನಿ. ಬಹಳಷ್ಟು ಮನೆಗಳು ಎಡವುವುದೇ ಇಲ್ಲಿ. ಒಡವೆ ಸಾಲಕ್ಕೆ 12, ಕೈಸಾಲಕ್ಕೆ 3 ಎಂದರೆ ಕೇಳಿದವರಿಗೆ 12 ದುಬಾರಿಯಾಗಿ ಕಾಣುತ್ತದೆ. ಆದರೆ 12 ವರ್ಷದ್ದು, 3 ತಿಂಗಳದ್ದು. ಕೈಸಾಲದ್ದು ವರ್ಷಕ್ಕೆ ನೂರಕ್ಕೆ 36 ಆಯಿತು. ಶೇಕಡಾವಾರು ಬಿಟ್ಟು ರೂಪಾಯಿಯಲ್ಲೇ ಹೇಳುವುದು ಒಳ್ಳೆಯದು.

ಮಾತನ್ನು ಹೀಗೆ ಶುರು ಮಾಡಬಹುದು: "ಅಪ್ಪ, ಅಮ್ಮ, ನಾವು ಒಟ್ಟು ನಾಲ್ಕೂವರೆ ಲಕ್ಷ ಕೊಡಬೇಕು. ತಿಂಗಳಿಗೆ ಬಡ್ಡಿಗೇ 4,500 ಹೋಗುತ್ತಿದೆ: ಒಡವೆಗೆ 1,500, ಕೈಸಾಲಕ್ಕೆ 3,000. ಮನೆ ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿಯುವುದು 10,000, ಈ ಬಡ್ಡಿಯೂ ಅದರಲ್ಲೇ ಹೋಗಬೇಕು." ಯಾರು ಯಾಕೆ ಸಾಲ ತಂದರು ಎಂಬ ಮಾತು ಎತ್ತಿದರೆ ಸಭೆ ಅಲ್ಲಿಗೇ ಮುಗಿಯಿತು.

ಒಡವೆ ಮೊದಲು ಬಿಡಿಸೋಣ ಎಂದು ಅಮ್ಮ ಹೇಳಿಯೇ ಹೇಳುತ್ತಾರೆ. ಬೇಡ ಎನ್ನದೆ ಎರಡೂ ಲೆಕ್ಕ ತೋರಿಸಿ. ಆ ಹತ್ತು ಸಾವಿರದಲ್ಲಿ ಒಡವೆಗೆ ಬಡ್ಡಿಯಷ್ಟೇ ಕಟ್ಟಿ, ಉಳಿದ 8,500 ಕೈಸಾಲಕ್ಕೆ ಹಾಕಿದರೆ ಮೊದಲ ತಿಂಗಳೇ ಅಸಲು 94,500ಕ್ಕೆ ಇಳಿಯುತ್ತದೆ, 15ನೇ ತಿಂಗಳಿಗೆ ಕೈಸಾಲ ತೀರುತ್ತದೆ. ಆಮೇಲೆ ಪೂರ್ತಿ 10,000 ಒಡವೆಗೆ. ಎರಡೂ ಮುಗಿಯಲು 32 ತಿಂಗಳು. ಒಡವೆ ಮೊದಲು ಎಂದರೆ ಅದು ಮನೆಗೆ ಬರುವುದಕ್ಕೇ 25 ತಿಂಗಳು. ಅಷ್ಟೂ ದಿನ ಕೈಸಾಲದ ಬಡ್ಡಿಯೇ 75,000 ಹೋಗಿರುತ್ತದೆ, ಎಲ್ಲ ಮುಗಿಯುವಾಗ 37 ತಿಂಗಳು. ಕೈಸಾಲ ಮೊದಲು ತೀರಿಸುವ ದಾರಿಯಲ್ಲೂ ಒಡವೆ ಸಾಲದ ಅವಧಿ ಮುಗಿಯುವ ಮುಂಚೆ ಬ್ಯಾಂಕಿಗೆ ಹೋಗಿ ನವೀಕರಿಸಲೇಬೇಕು. ಮರೆತರೆ ಹರಾಜಿನ ನೋಟಿಸು ಬರುತ್ತದೆ.

ಸಂಘದ 2 ಲಕ್ಷವನ್ನು ಈ 10,000ಕ್ಕೆ ಸೇರಿಸಬೇಡಿ. ಅದನ್ನು ಕಾಫಿ ಮಾರಿದ ದುಡ್ಡಿನಿಂದ ಮೊದಲೇ ತೆಗೆದಿಡಬೇಕು. ಗಡುವಿನೊಳಗೆ ಕಟ್ಟಿದರೆ ಬಡ್ಡಿಯಿಲ್ಲ, ತಪ್ಪಿದರೆ ಆ ರಿಯಾಯಿತಿ ಹೋಯಿತು. ಅದನ್ನು ಕಟ್ಟಲೆಂದು ಮತ್ತೆ ಕೈಸಾಲ ಮಾಡುವವರೂ ಇದ್ದಾರೆ; ಇಡೀ ಲೆಕ್ಕ ತಲೆಕೆಳಗಾಗುವುದು ಹಾಗೆಯೇ.

ಇನ್ನೊಂದು ವಿಷಯವನ್ನು ಸಭೆಗೆ ಮುಂಚೆಯೇ ಕೇಳಿಕೊಳ್ಳಿ: ಕೈಸಾಲ ಕೊಟ್ಟವರು ಅಸಲನ್ನು ಕಂತಿನಲ್ಲಿ ತೆಗೆದುಕೊಳ್ಳುತ್ತಾರೆಯೇ? ಒಟ್ಟಿಗೇ ಬೇಕು ಎಂದರೆ ಬಡ್ಡಿ ಪೂರ್ತಿ ಲಕ್ಷಕ್ಕೇ ಓಡುತ್ತಿರುತ್ತದೆ. ಆಗ ತಿಂಗಳಿಗೆ 5,500ರಂತೆ ಕೂಡಿಡುತ್ತಾ ಹೋದರೆ 15 ಅಲ್ಲ, 19 ತಿಂಗಳು ಬೇಕು. ಕಂತಿಗೆ ಒಪ್ಪಿದರೆ ಕೊಟ್ಟಷ್ಟನ್ನು ಪ್ರತಿ ಸಲ ಪ್ರೋನೋಟಿನ ಹಿಂದೆ ತಾರೀಖು ಹಾಕಿ ಬರೆಸಿ, ಅವರ ಸಹಿ ಪಡೆಯಿರಿ. ಕೊನೆಯ ಕಂತು ಕೊಡುವ ದಿನ ಪ್ರೋನೋಟನ್ನೂ, ಕೊಟ್ಟಿದ್ದರೆ ಖಾಲಿ ಚೆಕ್ಕನ್ನೂ ವಾಪಸು ತನ್ನಿ.