ಹಬ್ಬದ ಜಾಹೀರಾತು ಮುಳುವಾದಾಗ ಕ್ಷಮೆಯ ಪ್ರಕಟಣೆ ಬರೆಯುವುದು ಹೇಗೆ?

ಬಾಗಲಕೋಟೆಯ ಒಂದು ಸೀರೆ ಅಂಗಡಿ ಎಂದಿಟ್ಟುಕೊಳ್ಳಿ. ಎಳ್ಳಮಾವಾಸ್ಯೆಗೆ ಇಳಕಲ್ ಸೀರೆಗಳ ಮೇಲೆ ರಿಯಾಯಿತಿ ಬಿಟ್ಟಿದ್ದಾರೆ. ಜಾಹೀರಾತಿನ ವಿಡಿಯೊದಲ್ಲಿ ಹೊಲಕ್ಕೆ ಚರಗ, ಅಂದರೆ ಭೂತಾಯಿಗೆ ಎಡೆಯ ಅಡುಗೆ, ಚೆಲ್ಲುತ್ತಿರುವ ಅತ್ತೆಯ ಕೈ ಹಿಡಿದು ಸೊಸೆ ನಗುತ್ತಾಳೆ: ‘ಮಣ್ಣಾಗ ಯಾಕ ಚೆಲ್ತೀರಿ ಅತ್ತಿ? ಆ ರೊಕ್ಕದಾಗ ಒಂದು ಸೀರಿ ಬರ್ತಿತ್ತು!’ ಮಳೆ ಕೈಕೊಟ್ಟು ಹಿಂಗಾರಿ ಜೋಳ ನಿಂತಲ್ಲೇ ಒಣಗಿದ ವರ್ಷ ಅದು. ಸಂಜೆಯಾಗುವಷ್ಟರಲ್ಲಿ ವಿಡಿಯೊ ಊರೂರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ‘ಭೂತಾಯಿಗೆ ಉಣಸೂದು ಇವರಿಗೆ ದಂಡ ಅನಸೇತಿ’ ಎಂದು ಜನ ಬೈಯುತ್ತಿದ್ದಾರೆ.

ಬರೆಯಲು ಕೂರುವ ಮೊದಲು ಜಾಹೀರಾತು ನಿಲ್ಲಬೇಕು, ಎಲ್ಲ ಕಡೆಯೂ. ಫೇಸ್‌ಬುಕ್ ಪೇಜಿನಿಂದ ವಿಡಿಯೊ ಅಳಿಸಿದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಬೇರೆಯಾಗಿ ದುಡ್ಡು ಕಟ್ಟಿ ಹಾಕಿದ ಜಾಹೀರಾತು ಪೇಜಿನಲ್ಲಿ ಕಾಣದೆಯೂ ಓಡುತ್ತಿರುತ್ತದೆ. ನಾಳೆ ಬೆಳಿಗ್ಗೆಗೆಂದು ಮುಂಚೆಯೇ ಹೊಂದಿಸಿಟ್ಟ ‘ಹಬ್ಬದ ಧಮಾಕಾ’ ಪೋಸ್ಟ್ ಕೂಡ ಕ್ಷಮೆಯ ಪಕ್ಕದಲ್ಲೇ ತಾನಾಗಿ ಬಂದು ಕೂರುತ್ತದೆ. ಸ್ಥಳೀಯ ಕೇಬಲ್ ವಾಹಿನಿ, ಬಸ್ ನಿಲ್ದಾಣದ ಬಳಿಯ ಫ್ಲೆಕ್ಸ್, ಧ್ವನಿವರ್ಧಕ ಕಟ್ಟಿಕೊಂಡ ಆಟೊ, ಎಲ್ಲಕ್ಕೂ ಫೋನ್ ಹೋಗಲಿ. ‘ಹಿಂಪಡೆದಿದ್ದೇವೆ’ ಎಂದು ಬರೆದ ಮೇಲೂ ಆಟೊ ಕೂಗುತ್ತಿದ್ದರೆ ಆ ಪ್ರಕಟಣೆ ಸುಳ್ಳಾಗುತ್ತದೆ.

ಆಮೇಲೆ, ನೋವು ಎಲ್ಲಿ ಆಗಿದೆ ಎಂದು ತಿಳಿದುಕೊಳ್ಳಬೇಕು. ಅವಸರದಲ್ಲಿ ಬಿಟ್ಟುಹೋಗುವುದೇ ಈ ಹೆಜ್ಜೆ. ‘ಅತ್ತೆಗೆ ಸೊಸೆ ಎದುರು ಮಾತಾಡಿದಳಲ್ಲ, ಅದಕ್ಕೇ ಸಿಟ್ಟು’ ಎಂದು ಮಾಲೀಕರು ಭಾವಿಸಿರಬಹುದು. ಹಳ್ಳಿ ಕಡೆಯ ನಾಲ್ಕು ಖಾಯಂ ಗಿರಾಕಿಗಳಿಗೆ ಫೋನ್ ಮಾಡಿದರೆ ಬೇರೆಯದೇ ಮಾತು ಹೊರಡುತ್ತದೆ. ವರ್ಷವಿಡೀ ಉಣಿಸುವ ಭೂಮಿಗೆ ಒಂದು ದಿನ ಉಣಿಸುವುದನ್ನು ದುಂದು ಎಂದದ್ದು ಒಂದು. ಬೆಳೆ ಹೋದ ವರ್ಷದಲ್ಲೇ ರೈತನ ರೊಕ್ಕದ ಲೆಕ್ಕ ಹಾಕಿ ನಕ್ಕದ್ದು ಇನ್ನೊಂದು. ಪ್ರಕಟಣೆ ಈ ಎರಡಕ್ಕೆ ಉತ್ತರ ಕೊಡಬೇಕು, ಅತ್ತೆ-ಸೊಸೆಗಲ್ಲ.

ಸಾಮಾನ್ಯವಾಗಿ ಮೊದಲು ಕೈಗೆ ಬರುವ ಕರಡು ಹೀಗಿರುತ್ತದೆ: ‘ನಮ್ಮ ಜಾಹೀರಾತಿನಿಂದ ಯಾರ ಭಾವನೆಗಾದರೂ ಧಕ್ಕೆಯಾಗಿದ್ದಲ್ಲಿ ವಿಷಾದಿಸುತ್ತೇವೆ. ನೋಯಿಸುವ ಉದ್ದೇಶ ನಮ್ಮದಾಗಿರಲಿಲ್ಲ. ನಾಡಿನ ಸಂಸ್ಕೃತಿಯನ್ನು ನಾವು ಸದಾ ಎತ್ತಿಹಿಡಿಯುತ್ತ ಬಂದಿದ್ದೇವೆ.’ ಇದರಲ್ಲಿ ಚರಗದ ಹೆಸರೇ ಇಲ್ಲ. ‘ಆಗಿದ್ದಲ್ಲಿ’ ಎನ್ನುವುದು ಆಗಿಲ್ಲದಿರಲೂಬಹುದು ಎಂದು ಕೊಂಕು ತೆಗೆದಂತೆ. ಕೊನೆಯ ಸಾಲಂತೂ ಇನ್ನೊಂದು ಜಾಹೀರಾತು. ದೀಪಾವಳಿಗೋ ರಮ್ಜಾನಿಗೋ ಯಾವ ತಪ್ಪಿಗಾದರೂ ಇದೇ ಕರಡು ಹೊಂದುತ್ತದೆ ಎಂದಾದರೆ ಹರಿದು ಹಾಕಿ.

ಮತ್ತೆ ಬರೆದರೆ: ‘ಎಳ್ಳಮಾವಾಸ್ಯೆಯ ನಮ್ಮ ಜಾಹೀರಾತಿನಲ್ಲಿ ಚರಗ ಚೆಲ್ಲುವುದನ್ನು ದುಂದುವೆಚ್ಚ ಎಂಬಂತೆ ತೋರಿಸಿದ್ದು ತಪ್ಪು. ಬೆಳೆ ಕೈಗೆ ಬಾರದ ಈ ವರ್ಷ ಅದು ರೈತ ಕುಟುಂಬಗಳಿಗೆ ಇನ್ನಷ್ಟು ನೋವು ತಂದಿದೆ. ವಿಡಿಯೊವನ್ನು ನಾವೇ ನೋಡಿ ಒಪ್ಪಿದ್ದೆವು. ಕ್ಷಮೆ ಕೇಳುತ್ತೇವೆ. ನಿನ್ನೆ ರಾತ್ರಿಯೇ ಅದನ್ನು ಎಲ್ಲ ಕಡೆಯಿಂದ ತೆಗೆಸಿದ್ದೇವೆ. ಎಲ್ಲಾದರೂ ಇನ್ನೂ ಕಂಡರೆ ಅಂಗಡಿಯ ನಂಬರಿಗೆ ತಿಳಿಸಿ.’ ಕೆಳಗೆ ‘ಆಡಳಿತ ಮಂಡಳಿ’ ಎಂದಲ್ಲ, ಮಾಲೀಕರ ಹೆಸರು. ‘ನಾವೇ ಒಪ್ಪಿದ್ದೆವು’ ಎಂಬ ಮಾತು ಬರೆಯಲು ಕೈ ಹಿಂಜರಿಯುತ್ತದೆ, ಏಜೆನ್ಸಿಯವರ ಮೇಲೆ ಹಾಕುವುದು ಸುಲಭ. ಆದರೆ ಗಿರಾಕಿಗೆ ಏಜೆನ್ಸಿ ಯಾರೆಂದು ಗೊತ್ತಿಲ್ಲ, ಅಂಗಡಿಯ ಬೋರ್ಡು ಗೊತ್ತು. ರಿಯಾಯಿತಿಯ ಮಾತು, ಸೀರೆಯ ಫೋಟೊ ಇದರ ಹತ್ತಿರ ಸುಳಿಯಬಾರದು. ವಿಡಿಯೊ ಎಲ್ಲೆಲ್ಲಿ ಓಡಿತ್ತೋ ಅಲ್ಲೆಲ್ಲ ಈ ಪ್ರಕಟಣೆಯೂ ಬರಲಿ, ಕೇಬಲ್‌ನಲ್ಲಿ ಸಹ.

ಇನ್ನೊಂದು ಸಂದರ್ಭವಿದೆ: ಗದ್ದಲವೆದ್ದಿದೆ, ಆದರೆ ಜಾಹೀರಾತು ತಪ್ಪೆಂದು ನಿಮಗೆ ಅನಿಸುತ್ತಿಲ್ಲ. 2020ರ ಅಕ್ಟೋಬರ್‌ನಲ್ಲಿ ತನಿಷ್ಕ್ ‘ಏಕತ್ವಂ’ ಜಾಹೀರಾತನ್ನು ಹಿಂಪಡೆಯಿತು. ಮುಸ್ಲಿಂ ಕುಟುಂಬವೊಂದು ಹಿಂದೂ ಸೊಸೆಗೆ ಸೀಮಂತ ಮಾಡುವ ಕಥೆ ಅದು. ಪ್ರಕಟಣೆಯಲ್ಲಿ ಬೇಸರ ವ್ಯಕ್ತಪಡಿಸಿ, ಜನರ ಭಾವನೆಗಳ ಜೊತೆಗೆ ನೌಕರರು, ಪಾಲುದಾರರು ಮತ್ತು ಮಳಿಗೆ ಸಿಬ್ಬಂದಿಯ ಹಿತವನ್ನೂ ಕಾರಣವಾಗಿ ಹೇಳಿತು. ಜಾಹೀರಾತಿನ ಆಶಯವೇ ತಪ್ಪೆನ್ನಲಿಲ್ಲ. ಮರುವರ್ಷ ಕರ್ವಾ ಚೌತ್ ಜಾಹೀರಾತಿಗೆ ಡಾಬರ್ ಬೇಷರತ್ ಕ್ಷಮೆ ಕೇಳಿತು. ಎರಡರಲ್ಲೂ ಜಾಹೀರಾತು ಹೋಯಿತು, ಆದರೆ ಹೇಳಿದ್ದು ಒಂದೇ ಅಲ್ಲ. ಅಂಜಿ ತೆಗೆಯುತ್ತಿದ್ದರೆ ‘ಸಿಬ್ಬಂದಿಗಾಗಿ ತೆಗೆಯುತ್ತಿದ್ದೇವೆ’ ಎನ್ನಿ. ನಂಬದ ಕ್ಷಮೆ ಕೇಳಿದರೆ ಬೈದವರೂ ನಂಬುವುದಿಲ್ಲ, ಬೆಂಬಲಕ್ಕೆ ನಿಂತವರೂ ದೂರವಾಗುತ್ತಾರೆ. ಚರಗದ ವಿಡಿಯೊಗೆ ಮಾತ್ರ ಈ ದಾರಿ ಇಲ್ಲ.

ಸಿಟ್ಟು ಮೊದಲು ಬಂದು ಬೀಳುವುದು ಸೀರೆ ಮಡಚುತ್ತ ನಿಂತ ಹುಡುಗಿಯರ ಮೇಲೆ. ಪ್ರಕಟಣೆ ಹೊರಬೀಳುವ ಮೊದಲೇ ಅದನ್ನು ಅವರಿಗೆ ಓದಿ ಹೇಳಿ. ‘ತಪ್ಪಾಗೇತಿ ರೀ, ತೆಗದೇವಿ’ ಎಂಬಷ್ಟೇ ಉತ್ತರ ಸಾಕು, ವಾದ ಬೇಡ. ಯಾರಾದರೂ ದನಿ ಏರಿಸಿದರೆ ಮಾಲೀಕರೇ ಎದ್ದು ಕೌಂಟರಿಗೆ ಬರಬೇಕು. ಹಬ್ಬ ಮುಗಿಯುವವರೆಗೆ ಅವರು ಅಂಗಡಿ ಬಿಟ್ಟು ಕದಲದಿರುವುದು ಒಳ್ಳೆಯದು.