ಅರವತ್ತು ದಾಟಿದವರ ತುರಿಕೆ: ಸೋಪು ಬಿಡಿಸಿ, ಜಿಡ್ಡು ಹಚ್ಚಿಸಿದ ಅನುಭವ

ಮನೆಮನೆಗೆ ಹೋಗಿ ಹಿರಿಯರ ಆರೈಕೆ ಮಾಡುವವರಿಗೆ ಈ ದೂರು ಹೊಸದಲ್ಲ. ಕಣಕಾಲ ಮೇಲೆ ಬಿಳಿ ಹೊಟ್ಟು, ರಾತ್ರಿಯಿಡೀ ತುರಿಕೆ, ಬಾಗಿಲ ಚಿಲಕ ತಗುಲಿದರೂ ಮುಂಗೈಯಲ್ಲಿ ನೇರಳೆ ಕಲೆ. ದುಬಾರಿ ಕ್ರೀಮಿನ ಟ್ಯೂಬುಗಳು ಕಪಾಟಿನಲ್ಲೇ ಇರುತ್ತವೆ, ಗುಣ ಮಾತ್ರ ಕಾಣುವುದಿಲ್ಲ. ಇದಕ್ಕೆ ಸೋಪಿಲ್ಲದ ಸ್ನಾನ, ಮೇಲೆ ಜಿಡ್ಡು ಎಂದು ನಾನು ಹೇಳಿದಾಗ ನಕ್ಕವರು ಜೊತೆಗೆ ಕೆಲಸ ಮಾಡುವವರೇ. ಈಗ ಅವರೂ ಹೀಗೇ ಮಾಡಿಸುತ್ತಾರೆ.

ಹಾಸನದ ಕಡೆಯ, ಎಪ್ಪತ್ತು ದಾಟಿದ, ಹೃದಯಕ್ಕೆಂದು ಆಸ್ಪಿರಿನ್ ನುಂಗುವ ಒಬ್ಬ ಅಜ್ಜಿಯನ್ನೇ ತೆಗೆದುಕೊಳ್ಳಿ. ಹಂಡೆಯಲ್ಲಿ ಹೊಗೆಯಾಡುವ ನೀರು, ಮೈತುಂಬ ಸೋಪು, ಮೇಲೆ ಕಡಲೆಹಿಟ್ಟು, ಒರಟು ಟವೆಲಿನಿಂದ ಉಜ್ಜು. ಬಿಸಿನೀರು ಬಿದ್ದಾಗ ತುರಿಕೆಗೆ ಹಿತವೆನಿಸುತ್ತದೆ, ಒಂದು ಗಂಟೆಯೊಳಗೆ ಇಮ್ಮಡಿಯಾಗಿ ಏಳುತ್ತದೆ. ಈ ವಯಸ್ಸಿನಲ್ಲಿ ಚರ್ಮ ಸುರಿಸುವ ಜಿಡ್ಡೇ ಕಡಿಮೆ. ಇರುವಷ್ಟನ್ನೂ ಸೋಪಿನ ಕ್ಷಾರ ತೊಳೆದು ಹಾಕುತ್ತದೆ.

ಮೊದಲು ನೀರು ಬದಲಾಯಿತು. ಮೊಣಕೈ ಇಟ್ಟರೆ ಬೆಚ್ಚಗಿರಬೇಕು, ಸುಡಬಾರದು. ಐದರಿಂದ ಹತ್ತು ನಿಮಿಷಕ್ಕೆ ಸ್ನಾನ ಮುಗಿಯಬೇಕು. ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ವಾಸನೆಯಿಲ್ಲದ, ಸೋಪಲ್ಲದ ಕ್ಲೆನ್ಸರ್, ಅದೂ ಕೈಯಲ್ಲೇ. ಉಳಿದ ಮೈಗೆ ಬರೀ ನೀರು. "ಸೋಪಿಲ್ದೆ ಅದೆಂಥ ಸ್ನಾನ" ಎಂದ ಸೊಸೆಗೆ, ಬೆವರುವ ಜಾಗ ತೊಳೆದರೆ ವಾಸನೆ ಬರುವುದಿಲ್ಲವೆಂದು ವಾರದೊಳಗೆ ಗೊತ್ತಾಯಿತು. ಒರೆಸಲು ಹಳೇ ಕಾಟನ್ ಸೀರೆಯ ತುಂಡು: ಒತ್ತಿ ತೆಗೆಯಬೇಕು, ಎಳೆಯಬಾರದು.

ಇನ್ನು ಜಿಡ್ಡು. ಮೈ ಅರೆ ಒದ್ದೆ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಬೇಕು. ಒಣಗಿದ ಮೇಲೆ ಹಚ್ಚಿದರೆ ಅದು ಹಿಡಿದಿಡಲು ಒಳಗೆ ನೀರೇ ಉಳಿದಿರುವುದಿಲ್ಲ. ಬಿಳಿ ಪೆಟ್ರೋಲಿಯಂ ಜೆಲ್ಲಿ ಮತ್ತು ಲಿಕ್ವಿಡ್ ಪ್ಯಾರಾಫಿನ್ ತೂಕಕ್ಕೆ ಸಮಸಮ ಸೇರಿಸುತ್ತೇನೆ. ಒಲೆಯಿಂದ ಇಳಿಸಿದ ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿದರೆ ಸಾಕು.

ಎಲ್ಲರೂ ಸೋಲುವುದು ಪ್ರಮಾಣದಲ್ಲಿ. ಎರಡು ಕೈ, ಎರಡು ಕಾಲಿಗೆ ಒಂದು ಸಲಕ್ಕೆ ಸುಮಾರು ಹತ್ತು ಹನ್ನೆರಡು ಗ್ರಾಂ ಬೇಕು. ದಿನಕ್ಕೆ ಎರಡು ಹೊತ್ತೆಂದರೆ ವಾರಕ್ಕೆ ಸುಮಾರು 150 ಗ್ರಾಂ ಆಗುತ್ತದೆ. 50 ಗ್ರಾಮಿಗೆ ಮುನ್ನೂರು ನಾನೂರು ರೂಪಾಯಿಯ ಟ್ಯೂಬಾದರೆ ವಾರಕ್ಕೆ ಸಾವಿರದ ಆಸುಪಾಸು ಆಯಿತು. ಅಷ್ಟು ಕೊಟ್ಟವರು ಬಟಾಣಿಯಷ್ಟು ಹಿಂಡಿ ಹಚ್ಚುತ್ತಾರೆ, ಅದಕ್ಕೇ ಗುಣವಾಗುವುದಿಲ್ಲ. ನಮ್ಮ ಮಿಶ್ರಣಕ್ಕೆ ಅದಕ್ಕಿಂತ ಬಹಳ ಕಡಿಮೆ ಆಗುತ್ತದೆ, ಕೈ ಬಿಗಿ ಹಿಡಿಯಬೇಕಿಲ್ಲ. ಕೂದಲು ಬೆಳೆದ ದಿಕ್ಕಿಗೇ ಸವರಬೇಕು. ಎದುರು ಉಜ್ಜಿದರೆ ಕೂದಲ ಬುಡದಲ್ಲಿ ಕೀವುಗುಳ್ಳೆ ಏಳುತ್ತವೆ.

ಎಚ್ಚರ ಬೇಕಾದದ್ದು ಬೆಂಕಿಯ ಬಗ್ಗೆ. ಪ್ಯಾರಾಫಿನ್ ಹೀರಿದ ಬಟ್ಟೆ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಂಡೆ ಒಲೆ, ದೇವರ ದೀಪ, ಬೀಡಿಯಿಂದ ದೂರ ಇರಲಿ. ಅಂಗಾಲಿಗೆ ಹಚ್ಚಿದರೆ ಬಚ್ಚಲಲ್ಲಿ ಜಾರುತ್ತಾರೆ, ಅಲ್ಲೂ ಎಚ್ಚರ ಇರಲಿ.

ನಡುವೆ ಒಂದು ಕಾಲಿಗೆ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಈ ಮಿಶ್ರಣ ಹಚ್ಚಿಯೂ ನೋಡಿದ್ದಾಯಿತು. ಒದ್ದೆ ಮೈಗೆ ಹಚ್ಚಿದರೆ ಎಣ್ಣೆಯೂ ಪರವಾಗಿಲ್ಲ, ಆದರೆ ಮಧ್ಯಾಹ್ನದ ಹೊತ್ತಿಗೆ ಆ ಕಾಲು ಮತ್ತೆ ಒಣಗಿತ್ತು. ಯೂರಿಯಾ ಕ್ರೀಮು ಹೊಟ್ಟಿಗೆ ಒಳ್ಳೆಯದೇ, ಆದರೆ ಪರಚಿ ಬಿರಿದ ಜಾಗದಲ್ಲಿ ಉರಿ ತಡೆಯಲಾಗಲಿಲ್ಲ. ಬಿರುಕು ಕೂಡಿದ ಮೇಲೆ ಶುರು ಮಾಡಿದರೆ ಸರಿ.

ಎರಡು ಮೂರು ವಾರಕ್ಕೆ ರಾತ್ರಿಯ ತುರಿಕೆ ಇಳಿಯಿತು. ನೇರಳೆ ಕಲೆಗೆ ಮಾತ್ರ ಯಾವ ಮುಲಾಮೂ ಮದ್ದಲ್ಲ. ವರ್ಷಗಟ್ಟಲೆ ಬಿಸಿಲು ತಿಂದು ರಕ್ತನಾಳದ ಸುತ್ತಲಿನ ಆಸರೆ ಸವೆದಿರುತ್ತದೆ. ಮೂಡಿದ ಕಲೆ ಒಂದರಿಂದ ಮೂರು ವಾರಕ್ಕೆ ತಾನೇ ಮಾಸುತ್ತದೆ. ತುಂಬುತೋಳಿನ ಕಾಟನ್ ರವಿಕೆ ತೊಡಿಸಿ, ಉಗುರು ಕತ್ತರಿಸಿ, ಏಳಿಸುವಾಗ ಮುಂಗೈ ಹಿಡಿದೆಳೆಯುವುದನ್ನು ಬಿಟ್ಟರೆ ಹೊಸ ಕಲೆ ಕಡಿಮೆಯಾಗುತ್ತವೆ. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮು ದಿನವೂ ಹಚ್ಚಿದರೆ ಚರ್ಮ ಇನ್ನೂ ತೆಳ್ಳಗಾಗುತ್ತದೆ. ಆಸ್ಪಿರಿನ್ನಿನಿಂದಲೂ ಇಂಥ ಕಲೆ ಹೆಚ್ಚಬಹುದು, ಆದರೂ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ.

ಚರ್ಮ ಹರಿದರೆ ನೀರಿನಿಂದ ತೊಳೆದು, ಪದರವನ್ನು ಮೆಲ್ಲಗೆ ಜಾಗಕ್ಕೆ ತಂದು, ಪ್ಯಾರಾಫಿನ್ ಹೀರಿಸಿದ ತೆಳು ಗಾಜ್ ಬಟ್ಟೆ ಇಟ್ಟು ಬಟ್ಟೆ ಪಟ್ಟಿ ಸುತ್ತಿ. ಅಂಟುಪಟ್ಟಿ ಹಾಕಿದರೆ ಬಿಚ್ಚುವಾಗ ಅದರೊಂದಿಗೆ ಚರ್ಮವೂ ಬರುತ್ತದೆ.

ಇಷ್ಟು ಮಾಡಿ ತಿಂಗಳಾದರೂ ತುರಿಕೆ ನಿಲ್ಲದಿದ್ದರೆ ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಪರೀಕ್ಷೆ ಬೇಕು. ಬೆರಳ ಸಂದಿಯಲ್ಲಿ ಗುಳ್ಳೆಯಿದ್ದು ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ ಇದ್ದರೆ ಅದು ಕಜ್ಜಿ, ಜಿಡ್ಡಿಗೆ ಹೋಗುವುದಿಲ್ಲ. ನೀರುಗುಳ್ಳೆ ಎದ್ದರೆ, ಅಥವಾ ಹೊಟ್ಟೆ ಬೆನ್ನಿನ ಮೇಲೆ ಕಲೆ ಮೂಡಿ ವಸಡಿನಲ್ಲಿ ರಕ್ತ ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.