ಕೆಲಸ ಬಿಟ್ಟವರು ಯಾಕೆ ಬಿಟ್ಟರು? ವರ್ಷದ ಟಿಪ್ಪಣಿಗಳಿಂದ ವಿಭಾಗವಾರು ಕಾರಣ ತೆಗೆಯುವುದು ಹೀಗೆ

ಮಾರ್ಚ್ ಮುಗಿಯುತ್ತಿದ್ದಂತೆ ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಕಾರ್ಖಾನೆಗಳ ಎಚ್‌ಆರ್ ಕೋಣೆಯಲ್ಲಿ ಒಂದು ಫೈಲು ಮೇಜಿಗೆ ಬರುತ್ತದೆ. ವರ್ಷದಲ್ಲಿ ಕೆಲಸ ಬಿಟ್ಟವರ ಎಕ್ಸಿಟ್ ಇಂಟರ್‌ವ್ಯೂ ಟಿಪ್ಪಣಿಗಳು. ಹೆಚ್ಚಿನವರು ಫಾರ್ಮಿನಲ್ಲಿ ಟಿಕ್ ಬಿದ್ದ ಕಾರಣಗಳನ್ನು ಎಣಿಸಿ, ಬಣ್ಣದ ಚಕ್ರ ಬಿಡಿಸಿ ಕೊಟ್ಟುಬಿಡುತ್ತಾರೆ. ‘ಸ್ವಂತ ಕಾರಣ’ ಎಲ್ಲಕ್ಕಿಂತ ಮೇಲೆ ಬರುತ್ತದೆ. ಅದನ್ನು ಓದಿದ ಮಾಲೀಕರು ಏನು ಮಾಡಬೇಕು? ಅವರಿಗೆ ಹಿಡಿಯಲು ಏನೂ ಸಿಕ್ಕಿಲ್ಲ.

ನಾನು ಕೈಯಾರೆ ಮಾಡಿದ ಒಂದು ಫೌಂಡ್ರಿಯ ಲೆಕ್ಕವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹಂತ 1: ಪಟ್ಟಿ

ಟಿಪ್ಪಣಿಯಿಂದ ಶುರು ಮಾಡಬೇಡಿ. ಪಗಾರದ ಪಟ್ಟಿಯಿಂದ ಶುರು ಮಾಡಿ. ಆ ವರ್ಷ ಬಿಟ್ಟವರು 61 ಮಂದಿ, ಟಿಪ್ಪಣಿ ಇದ್ದದ್ದು 48. ಉಳಿದ 13 ಮಂದಿ ಪಗಾರ ಆದ ಮರುದಿನದಿಂದ ಬರಲೇ ಇಲ್ಲ. ಅವರ ಹೆಸರಿನ ಸಾಲೂ ಹಾಳೆಯಲ್ಲಿ ಇರಬೇಕು, ಕಾರಣದ ಜಾಗ ಖಾಲಿ ಇದ್ದರೂ ಪರವಾಗಿಲ್ಲ. ಗುತ್ತಿಗೆ ಕಾರ್ಮಿಕರನ್ನು ಬೇರೆ ಹಾಳೆಯಲ್ಲಿ ಇಡಿ.

ಒಬ್ಬರಿಗೆ ಒಂದೇ ಸಾಲು. ಕಾಲಂಗಳು ಇಷ್ಟು ಸಾಕು: ಸಂಖ್ಯೆ, ವಿಭಾಗ, ಸೇರಿದ ದಿನ, ಬಿಟ್ಟ ದಿನ, ಮುಖ್ಯ ಕಾರಣ, ಜೊತೆ ಕಾರಣ, ಅವರದೇ ಮಾತು.

ಹಂತ 2: ಕಾರಣಕ್ಕೆ ಹೆಸರಿಡುವುದು

ಕೆಲಸ ಕೆಡುವುದು ಇಲ್ಲೇ. ಆದ್ದರಿಂದ ಇಲ್ಲಿ ಎರಡು ದಿನ ಕೊಡಿ.

ಟಿಕ್ ಬಿದ್ದ ಕಾರಣವನ್ನು ಯಾಕೆ ನಂಬಬಾರದು ಗೊತ್ತಾ? ಇಂಟರ್‌ವ್ಯೂ ನಡೆಯುವ ಹೊತ್ತಿಗೆ ಅವರ ಬಾಕಿ ಹಣದ ಸೆಟಲ್‌ಮೆಂಟ್ ಆಗಿರುವುದಿಲ್ಲ, ಅನುಭವ ಪತ್ರವೂ ಕೈಗೆ ಬಂದಿರುವುದಿಲ್ಲ. ಎದುರಿಗೆ ಕೂತವರ ಬಗ್ಗೆಯಾಗಲಿ, ಸೂಪರ್‌ವೈಸರ್ ಬಗ್ಗೆಯಾಗಲಿ ಕೆಟ್ಟದ್ದು ಹೇಳಿ ಯಾಕೆ ಸಿಕ್ಕಿಹಾಕಿಕೊಳ್ಳಬೇಕು ಅಂತ ‘ಮನೆ ಕಡೆ ತೊಂದರೆ’ ಅಂದುಬಿಡುತ್ತಾರೆ. ಆದರೆ ಮಾತಾಡುತ್ತಾ ನಿಜವಾದ ಸಂಗತಿಯೂ ಹೊರಗೆ ಬರುತ್ತದೆ. ಅದು ಟಿಕ್‌ನಲ್ಲಿ ಇರುವುದಿಲ್ಲ. ಕೆಳಗೆ ಕೈಬರಹದಲ್ಲಿ ಬರೆದುಕೊಂಡ ಎರಡು ಸಾಲಿನಲ್ಲಿ ಇರುತ್ತದೆ.

ಮೊದಲು 20 ಟಿಪ್ಪಣಿಗಳನ್ನು ಸುಮ್ನೆ ಓದಿ, ಏನೂ ಎಣಿಸಬೇಡಿ. ಕಾಗದದ ಮೇಲೆ ಪೆನ್ಸಿಲ್ ಹಿಡಿದೇ ಓದಿ, ಪರದೆಯ ಮೇಲೆ ಓದಿದರೆ ಕಣ್ಣು ಟಿಕ್ ಮೇಲೇ ಹೋಗುತ್ತದೆ. ಮತ್ತೆ ಮತ್ತೆ ಬರುವ ಮಾತಿಗೆ ಗೆರೆ ಎಳೆಯಿರಿ. ಆ ಮಾತುಗಳಿಂದಲೇ ಕಾರಣದ ಹೆಸರುಗಳನ್ನು ಮಾಡಿ. ಹತ್ತು ಹನ್ನೆರಡಕ್ಕಿಂತ ಜಾಸ್ತಿ ಬೇಡ. ‘ಇತರೆ’ ಅನ್ನುವ ಹೆಸರು ಇಡಲೇಬೇಡಿ, ಬೇಸರವಾದಾಗಲೆಲ್ಲ ಕೈ ಅಲ್ಲಿಗೇ ಹೋಗುತ್ತದೆ. ಅದರ ಬದಲು ‘ತಿಳಿಯದು’ ಅಂತಿಡಿ.

ಪ್ರತಿ ಹೆಸರಿನ ಮುಂದೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಒಂದು ಸಾಲು ಬರೆಯಿರಿ. ನಮ್ಮ ಪಟ್ಟಿಯಲ್ಲಿ ‘ರಾತ್ರಿ ಪ್ರಯಾಣ’ ಹೀಗಿತ್ತು: ಶಿಫ್ಟ್ ಬಿಟ್ಟ ಮೇಲೆ ಮನೆ ಸೇರುವ ಕಷ್ಟ ಇಲ್ಲಿಗೆ ಸೇರುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ ಅಂದರೆ ಸೇರುವುದಿಲ್ಲ.

ಈಗ ಒಂದು ಟಿಪ್ಪಣಿ ನೋಡಿ. ಫೆಟ್ಲಿಂಗ್ ವಿಭಾಗದ, ಅಂದರೆ ಎರಕದ ಅಂಚು ಉಜ್ಜಿ ತೆಗೆಯುವ ಕಡೆಯ ಹುಡುಗ. ಟಿಕ್ ಬಿದ್ದದ್ದು ‘ಸ್ವಂತ ಕಾರಣ’ಕ್ಕೆ. ಕೆಳಗೆ ಹೀಗೆ ಬರೆದಿತ್ತು: “ಅಪ್ಪಗ ವಯಸ್ಸಾಗೇತ್ರಿ. ಸೆಕೆಂಡ್ ಶಿಫ್ಟ್ ಹನ್ನೊಂದಕ್ಕ ಬಿಡತೈತಿ, ಆಮ್ಯಾಲೆ ಊರಿಗೆ ಬಸ್ ಇರಂಗಿಲ್ರಿ. ಗಾಡಿ ಇದ್ದಾವ್ರು ಕರಕೊಂಡ್ ಹೋದ್ರ ಆತು, ಇಲ್ಲಾಂದ್ರ ಗೇಟ್ನಾಗ ಕುಂದ್ರಬೇಕು.” ಇಲ್ಲಿ ಅಪ್ಪನ ವಯಸ್ಸು ಮುಖ್ಯ ಕಾರಣವಾ? ಅಪ್ಪನಿಗೆ ಆ ಹುಡುಗ ಸೇರುವ ಮೊದಲೂ ವಯಸ್ಸಾಗಿತ್ತು. ಮುಖ್ಯ ಕಾರಣ ‘ರಾತ್ರಿ ಪ್ರಯಾಣ’, ಜೊತೆ ಕಾರಣ ‘ಮನೆ’.

ಮುಖ್ಯ ಕಾರಣ ಆರಿಸಲು ನನ್ನ ಹತ್ತಿರ ಒಂದೇ ಪ್ರಶ್ನೆ ಇದೆ: ಬೇರೆ ಕೆಲಸದ ಯೋಚನೆ ಮೊದಲ ಸಲ ಯಾಕೆ ಬಂತು? ಎಲ್ಲಿಗೆ ಹೋದರು, ಎಷ್ಟು ಸಿಕ್ಕಿತು ಅನ್ನುವುದು ಆಮೇಲಿನ ಮಾತು. ಮಷಿನ್ ಶಾಪ್‌ನ 18 ಟಿಪ್ಪಣಿಗಳಲ್ಲಿ 11ಕ್ಕೆ ‘ಸಂಬಳ’ ಎಂದು ಟಿಕ್ ಬಿದ್ದಿತ್ತು. ಓದಿದರೆ 9 ಮಂದಿ ಒಂದೇ ಮಾತು ಹೇಳಿದ್ದರು: ಸಿಎನ್‌ಸಿ ಮಷಿನ್ ಪೂರ್ತಿ ಕಲಿತಾಯಿತು, ಗ್ರೇಡ್ ಮಾತ್ರ ಹೆಲ್ಪರ್‌ದೇ ಇದೆ. ಸೇರಿದ ದಿನ, ಬಿಟ್ಟ ದಿನ ತಾಳೆ ಹಾಕಿದಾಗ ಆ 9ರಲ್ಲಿ 7 ಮಂದಿ 18ರಿಂದ 24 ತಿಂಗಳ ನಡುವೆ ಹೋಗಿದ್ದರು. ಕಾರಣ ‘ಗ್ರೇಡ್ ಸಿಗಲಿಲ್ಲ’ ಅಂತಾಯಿತು. ಎಲ್ಲರ ಸಂಬಳ ಏರಿಸುವುದಕ್ಕೂ, ಒಂದೂವರೆ ವರ್ಷಕ್ಕೆ ಗ್ರೇಡ್ ಪರೀಕ್ಷೆ ಇಡುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಇನ್ನೆರಡು ಎಚ್ಚರಿಕೆ. ಹೆಸರಿಡುವಾಗ ವಿಭಾಗದ ಕಾಲಂ ಮುಚ್ಚಿಡಿ. ‘ಫೆಟ್ಲಿಂಗ್’ ಅಂತ ಕಂಡ ಕೂಡಲೇ ದೂಳಿಗೇ ಬಿಟ್ಟಿರಬೇಕು ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಎರಡನೆಯದು, 15 ಟಿಪ್ಪಣಿಗಳನ್ನು ಇನ್ನೊಬ್ಬರ ಕೈಗೆ ಕೊಟ್ಟು, ನಿಮ್ಮದನ್ನು ತೋರಿಸದೆ ಹೆಸರಿಡಲು ಹೇಳಿ. ನಮ್ಮದರಲ್ಲಿ 5 ಕಡೆ ಹೊಂದಲಿಲ್ಲ. ಐದರಲ್ಲಿ ನಾಲ್ಕು ‘ಸೂಪರ್‌ವೈಸರ್’ ಮತ್ತು ‘ಕೆಲಸದ ಹೊರೆ’ ನಡುವಿನ ಗೊಂದಲ. ಆ ಎರಡರ ವಿವರಣೆ ತಿದ್ದಿ, ಮತ್ತೆ ಮೊದಲಿನಿಂದ ಕೂತೆವು.

ಈ ಶ್ರಮವನ್ನೆಲ್ಲ ಉಳಿಸಲು ಕೆಲವರು ಜಾಸ್ತಿ ಬಂದ ಪದ ದೊಡ್ಡದಾಗಿ ಕಾಣುವ ‘ವರ್ಡ್ ಕ್ಲೌಡ್’ ಮಾಡುತ್ತಾರೆ. ಬೇಡವೇ ಬೇಡ. “ಸೂಪರ್‌ವೈಸರ್ ಒಳ್ಳೆಯವರು” ಅಂದದ್ದೂ, “ಸೂಪರ್‌ವೈಸರ್ ಬೈಯ್ತಾರೆ” ಅಂದದ್ದೂ ಅಲ್ಲಿ ಒಂದೇ.

ಹಂತ 3: ಎಣಿಕೆ

ಇದು ಹತ್ತು ನಿಮಿಷದ ಕೆಲಸ. ವಿಭಾಗ B, ಮುಖ್ಯ ಕಾರಣ E ಕಾಲಂನಲ್ಲಿದ್ದರೆ:

```
=COUNTIFS(B:B,"ಫೆಟ್ಲಿಂಗ್",E:E,"ರಾತ್ರಿ ಪ್ರಯಾಣ")
```

ಹೆಸರುಗಳನ್ನು ಟೈಪ್ ಮಾಡಬೇಡಿ, ಡ್ರಾಪ್‌ಡೌನ್ ಪಟ್ಟಿಯಿಂದ ಆರಿಸಿ. ‘ಫೆಟ್ಲಿಂಗ್’, ‘ಫೆಟ್ಲಿಂಗ’ ಎಂದು ಎರಡು ಥರ ಬಿದ್ದರೆ ಎಕ್ಸೆಲ್‌ಗೆ ಅವು ಎರಡು ವಿಭಾಗ.

ಎಣಿಕೆಯನ್ನು ವಿಭಾಗದಲ್ಲಿ ಸರಾಸರಿ ಇದ್ದ ಜನರ ಸಂಖ್ಯೆಯಿಂದ ಭಾಗಿಸಿ. ಮಷಿನ್ ಶಾಪ್‌ನಿಂದ 22 ಮಂದಿ ಹೋಗಿದ್ದರು, ಫೆಟ್ಲಿಂಗ್‌ನಿಂದ 19. ಮಷಿನ್ ಶಾಪ್‌ನದೇ ದೊಡ್ಡ ತೊಂದರೆ ಅನಿಸುತ್ತದೆ ಅಲ್ವಾ? ಆದರೆ ಅಲ್ಲಿ ಇದ್ದವರು 110, ಇಲ್ಲಿ 40. ಅಲ್ಲಿ ಐವರಲ್ಲಿ ಒಬ್ಬರು ಹೋದರೆ, ಇಲ್ಲಿ ಹತ್ತಿರಹತ್ತಿರ ಅರ್ಧ ವಿಭಾಗವೇ ಖಾಲಿಯಾಗಿತ್ತು.

ಫೆಟ್ಲಿಂಗ್‌ನ 13 ಟಿಪ್ಪಣಿಗಳಲ್ಲಿ ಟಿಕ್ ಪ್ರಕಾರ ಸ್ವಂತ ಕಾರಣ 7, ಸಂಬಳ 4, ಆರೋಗ್ಯ 2. ಓದಿ ಹೆಸರಿಟ್ಟ ಮೇಲೆ ರಾತ್ರಿ ಪ್ರಯಾಣ 7, ದೂಳು 3, ಸಂಬಳ 2, ತಿಳಿಯದು 1.

ಹಂತ 4: ಬರೆದು ಕೊಡುವುದು

ಒಂದು ವಿಭಾಗಕ್ಕೆ ಎರಡೇ ಕಾರಣ, ಒಂದು ನೇರ ಮಾತು, ಎಷ್ಟು ಟಿಪ್ಪಣಿಯಿಂದ ಬಂತು ಎಂಬ ಸಂಖ್ಯೆ. ಶೇಕಡಾ ಬೇಡ, “13ರಲ್ಲಿ 7” ಅಂತಲೇ ಬರೆಯಿರಿ. ಐದಾರು ಜನ ಮಾತ್ರ ಹೋದ ವಿಭಾಗಗಳನ್ನು ಒಟ್ಟಿಗೆ ಸೇರಿಸಿ, ಅಲ್ಲಿಯ ಮಾತುಗಳನ್ನು ಹಾಕಬೇಡಿ. ಅಕೌಂಟ್ಸ್‌ನಿಂದ ಒಬ್ಬರೇ ಹೋಗಿದ್ದರೆ ಯಾರ ಮಾತು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಅವರ ತಮ್ಮನೋ ಗೆಳೆಯನೋ ಅಲ್ಲೇ ಕೆಲಸಕ್ಕಿರಬಹುದು. ಅಪ್ಪನ ಮಾತು, ಊರಿನ ಹೆಸರು ಬಂದ ಕಡೆಯೂ ಅದನ್ನು ತೆಗೆದು ಹಾಕಿ.

ಕೊನೆಗೆ, ಹೇಳದೆ ಹೋದವರಿಗೆ ಫೋನ್ ಮಾಡಿ. ಸೆಟಲ್‌ಮೆಂಟ್ ಹಣ ಅವರ ಖಾತೆಗೆ ಬಿದ್ದ ಮೇಲೆ ಮಾಡಿ, ಅವರ ವಿಭಾಗದವರಲ್ಲದ ಒಬ್ಬರಿಂದ ಮಾಡಿಸಿ. ಬಂದ ಉತ್ತರವನ್ನು ಟಿಪ್ಪಣಿಯ ಎಣಿಕೆಗೆ ಬೆರೆಸದೆ ಪಕ್ಕದಲ್ಲಿ ಬರೆದಿಡಿ. ಫೆಟ್ಲಿಂಗ್‌ನಿಂದ ಹೀಗೆ ಹೋದವರು 6 ಮಂದಿ. ನಾಲ್ವರು ಫೋನ್ ಎತ್ತಿದರು. ಮೂವರು ಹೇಳಿದ್ದು ಹನ್ನೊಂದು ಗಂಟೆಯ ಮೇಲೆ ಇಲ್ಲದ ಬಸ್ಸನ್ನೇ.